ಊಟಕ್ಕೆ ಮೊದಲು ಎಂದರೆ ಯಾವ ಊಟಕ್ಕೆ, ಎಷ್ಟು ಮೊದಲು?

ಕಳೆದ ಶ್ರಾವಣದ ಒಂದು ಸೋಮವಾರ. ಕೌಜಲಗಿಯಲ್ಲಿ ಸಂಜೆಯ ಪ್ರವಚನ ನಡೆದಿತ್ತು. ಮಂಗಲವಾಗಿ ಪ್ರಸಾದಕ್ಕೆ ಏಳುವ ಹೊತ್ತು ಇನ್ನೂ ಆಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯರೊಬ್ಬರ ತಲೆ ಪಕ್ಕಕ್ಕೆ ವಾಲಿತು. ಸುತ್ತಲಿನವರು "ನಿದ್ದಿ ಹತ್ತೇತಿ, ಬಿಡ್ರಿ" ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಅವರ ಅಂಗಿಯ ಬೆನ್ನು ಬೆವರಿನಿಂದ ತೊಯ್ದುದನ್ನು ಕಂಡ ತಾಯಿಯೊಬ್ಬರು ನಮ್ಮನ್ನು ಕೂಗಿ ಕರೆದರು. ಹೋಗಿ ನೋಡಿದರೆ ಕೈ ತಣ್ಣಗಾಗಿ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಮಗನ ಹೆಸರನ್ನು ಕೇಳಿದರೆ ತಡವರಿಸುತ್ತಿದ್ದರು. ಮಠದಲ್ಲಿದ್ದ ಸಕ್ಕರೆ ನೋಡುವ ಯಂತ್ರದಿಂದ ಬೆರಳಿನ ರಕ್ತ ಪರೀಕ್ಷಿಸಿದಾಗ ಬಂದ ಅಂಕಿ 46. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೇ ಅದು ಅಪಾಯದ ಸೂಚನೆ. 54ಕ್ಕಿಂತ ಕೆಳಗಿಳಿದರೆ ಮಿದುಳಿನ ಕೆಲಸವೇ ತಪ್ಪತೊಡಗುತ್ತದೆ.

ನುಂಗುವಷ್ಟು ಎಚ್ಚರವಿದ್ದುದರಿಂದ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದೆವು. ಹದಿನೈದು ನಿಮಿಷದ ಮೇಲೆ ನೋಡಿದರೆ 63. ಮತ್ತೆ ಅಷ್ಟೇ ಕೊಟ್ಟೆವು. ಇನ್ನೊಂದು ಹದಿನೈದು ನಿಮಿಷಕ್ಕೆ 88 ಆಯಿತು, ಕಣ್ಣು ಅರಳಿ "ಏನಾತ್ರಿ?" ಎಂದು ಅವರೇ ಕೇಳಿದರು. ಆಮೇಲೆ ಅನ್ನ ಸಾರು ಉಣ್ಣಿಸಿ, ಚೇತರಿಸಿಕೊಂಡರೆಂದು ಮನೆಗೆ ಕಳಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮಗನಿಗೆ ಹೇಳಿದೆವು. ಏಕೆಂದರೆ ಅವರು ತೆಗೆದುಕೊಂಡಿದ್ದ ಮಾತ್ರೆಯ ಕೆಲಸ ಅಂದು ರಾತ್ರಿ ಇನ್ನೂ ಮುಗಿದಿರಲಿಲ್ಲ.

ಮಗನ ಕೈಯಲ್ಲಿ ಆ ಮಾತ್ರೆಯ ಲಕೋಟೆ ಇತ್ತು. ಗ್ಲಿಮೆಪಿರೈಡ್ 2 ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಕೂಡಿದ ಮಾತ್ರೆ. ಲಕೋಟೆಯ ಮೇಲೆ ಪೆನ್ನಿನಿಂದ "1-0-1, ಊಟಕ್ಕೆ ಮೊದಲು" ಎಂದು ಬರೆದಿತ್ತು. ಮಗ ಹೇಳಿದ ಮಾತು ನಮ್ಮ ಮನಸ್ಸಿನಿಂದ ಇನ್ನೂ ಮಾಸಿಲ್ಲ: "ಬರದಂಗನ ತಗೊಂಡಾರ್ರಿ ನಮ್ಮಪ್ಪ. ಊಟಕ್ಕ ಮೊದಲ ಅಂತ ಇತ್ತು, ಏಳಕ್ಕ ತಗೊಂಡು ಮಠಕ್ಕ ಬಂದ್ರು." ಆ ದಿನ ಸೋಮವಾರದ ಉಪವಾಸ. ಬೆಳಿಗ್ಗೆ ಹನ್ನೊಂದಕ್ಕೆ ಒಂದಿಷ್ಟು ಸಾಬೂದಾಣಿ, ಎರಡು ಬಾಳೆಹಣ್ಣು. ರಾತ್ರಿಯ ಊಟ ಪ್ರವಚನ ಮುಗಿದ ಮೇಲೆ ಮಠದ ಪ್ರಸಾದ, ಅಂದರೆ ಒಂಬತ್ತೂವರೆಗೆ. ಲಕೋಟೆಯ ಮೇಲಿನ ಬರಹ ತಪ್ಪಾಗಿರಲಿಲ್ಲ. ಅದನ್ನು ಪಾಲಿಸಿದವರೂ ತಪ್ಪಲಿಲ್ಲ. ಆದರೂ ಮನುಷ್ಯನ ಜೀವ ಹೋಗುವ ಹಂತಕ್ಕೆ ಬಂದಿತ್ತು. ಆ ಅಕ್ಷರ ನಮ್ಮದೇ ಅಂಗಡಿಯದು.

ಔಷಧಿ ಅಂಗಡಿಯಲ್ಲಿ ಕುಳಿತು ಇಷ್ಟು ವರ್ಷ "ಊಟಕ್ಕೆ ಮೊದಲು", "ಊಟದ ನಂತರ", "ಖಾಲಿ ಹೊಟ್ಟೆಗೆ" ಎಂಬ ಮೂರು ಮಾತುಗಳನ್ನು ಸಾವಿರಾರು ಲಕೋಟೆಗಳ ಮೇಲೆ ಗೀಚಿದ ನಮಗೆ ಅಂದು ಅನಿಸಿದ್ದನ್ನು ಸದ್ಭಕ್ತರ ಮುಂದೆ ಹೇಳಬೇಕಾಗಿದೆ. ಈ ಮೂರು ಮಾತುಗಳು ಅರ್ಧ ಸೂಚನೆಗಳು. ಕಾರಣವನ್ನು ಹೇಳದೆ ಅವುಗಳನ್ನು ಬರೆದುಕೊಡುವುದನ್ನು ನಾವು ನಿಲ್ಲಿಸಬೇಕು, ಕಾರಣವನ್ನು ಕೇಳದೆ ಅವುಗಳನ್ನು ತೆಗೆದುಕೊಂಡು ಹೋಗುವುದನ್ನು ತಾವು ನಿಲ್ಲಿಸಬೇಕು. ಏಕೆಂದರೆ "ಊಟಕ್ಕೆ ಮೊದಲು" ಎಂಬ ಒಂದೇ ಮಾತಿನ ಹಿಂದೆ ಒಂದಕ್ಕೊಂದು ವಿರುದ್ಧವಾದ ಕಾರಣಗಳಿವೆ. ಊಟದ ಹೊತ್ತು ಬದಲಾದ ದಿನ ಏನು ಮಾಡಬೇಕೆಂಬುದನ್ನು ಹೇಳುವುದು ಆ ಕಾರಣವೇ ಹೊರತು ಲಕೋಟೆಯಲ್ಲ.

ಮೊದಲು ಆ ಹಿರಿಯರ ಮಾತ್ರೆಯನ್ನೇ ನೋಡೋಣ. ಗ್ಲಿಮೆಪಿರೈಡ್ ಎಂಬುದು ಮೇದೋಜೀರಕ ಗ್ರಂಥಿಯನ್ನು ಎಬ್ಬಿಸಿ ಇನ್ಸುಲಿನ್ ಸುರಿಸುವ ಔಷಧಿ. ಆರೋಗ್ಯವಂತರ ಗ್ರಂಥಿ ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಬಿಡುತ್ತದೆ, ಇಳಿದಾಗ ನಿಲ್ಲಿಸುತ್ತದೆ. ಈ ಮಾತ್ರೆ ಆ ಲೆಕ್ಕವನ್ನು ಅಷ್ಟಾಗಿ ನೋಡುವುದಿಲ್ಲ. ಹೊಟ್ಟೆಯಲ್ಲಿ ರೊಟ್ಟಿ ಇರಲಿ, ಇಲ್ಲದಿರಲಿ, ಅದು ಇನ್ಸುಲಿನ್ ಬಿಡಿಸುತ್ತದೆ. ನುಂಗಿದ ಎರಡು ಮೂರು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ತುತ್ತತುದಿಗೆ ಬರುತ್ತದೆ, ಪರಿಣಾಮ ಸುಮಾರು ಒಂದು ದಿನದವರೆಗೂ ಇರಬಲ್ಲುದು. ಊಟಕ್ಕೆ ಮೊದಲು ಎಂದು ಹೇಳುವುದೇಕೆಂದರೆ, ಊಟದ ಸಕ್ಕರೆ ರಕ್ತಕ್ಕೆ ಇಳಿಯುವ ಹೊತ್ತಿಗೆ ಇನ್ಸುಲಿನ್ ಸಿದ್ಧವಾಗಿರಲಿ ಎಂದು. ಅಂದರೆ ಇಲ್ಲಿ ಮುಖ್ಯವಾದದ್ದು "ಮೊದಲು" ಎಂಬ ಮಾತಲ್ಲ, "ಊಟ" ಎಂಬ ಮಾತು. ಊಟ ಬಂದೇ ಬರುತ್ತದೆ ಎಂಬ ಭರವಸೆಯ ಮೇಲೆ ಈ ಮಾತ್ರೆ ನಿಂತಿದೆ. ಏಳು ಗಂಟೆಗೆ ನುಂಗಿ ಒಂಬತ್ತೂವರೆಗೆ ಉಣ್ಣುವವರಲ್ಲಿ ಇನ್ಸುಲಿನ್ ಬಂದು ಕಾಯುತ್ತದೆ, ಸಕ್ಕರೆ ಬರುವುದಿಲ್ಲ. ಆಗ ಅದು ರಕ್ತದಲ್ಲಿದ್ದ ಅಲ್ಪಸ್ವಲ್ಪ ಸಕ್ಕರೆಯನ್ನೇ ಎಳೆದುಹಾಕುತ್ತದೆ. ಆ ಹಿರಿಯರು ಕುಸಿದದ್ದು ಮುಕ್ಕಾಲು ಒಂಬತ್ತಕ್ಕೆ. ಲೆಕ್ಕ ಸರಿಯಾಗಿ ಕೂಡುತ್ತದೆ.

ಆದ್ದರಿಂದ ಈ ಬಗೆಯ ಮಾತ್ರೆಗೆ ನಾವು ಈಗ ಲಕೋಟೆಯ ಮೇಲೆ ಬೇರೆ ಮಾತು ಬರೆಯುತ್ತೇವೆ: "ತಾಟು ಮುಂದೆ ಬಂದ ಮೇಲೆ ನುಂಗಿ ಉಣ್ಣಿರಿ. ಊಟ ಇಲ್ಲದಿದ್ದರೆ ಈ ಮಾತ್ರೆ ಇಲ್ಲ, ವೈದ್ಯರನ್ನು ಕೇಳಿರಿ." ಗ್ಲಿಮೆಪಿರೈಡನ್ನು ಊಟದ ಮೊದಲ ತುತ್ತಿನೊಡನೆ ತೆಗೆದುಕೊಂಡರೂ ನಡೆಯುತ್ತದೆ, ಅರ್ಧ ಗಂಟೆ ಕಾಯಲೇಬೇಕೆಂಬ ನಿಯಮವಿಲ್ಲ. ಅದೇ ಗುಂಪಿನ ಗ್ಲಿಪಿಜೈಡ್‌ಗೆ ಮಾತ್ರ ಊಟಕ್ಕಿಂತ ಅರ್ಧ ಗಂಟೆ ಮುಂಚೆ ಎಂಬ ಸೂಚನೆ ಇರುತ್ತದೆ. ಆಗಲೂ ಅಡುಗೆ ಸಿದ್ಧವಾಗಿದೆಯೇ ಎಂದು ನೋಡಿಯೇ ನುಂಗಬೇಕು.

ಇಲ್ಲಿ ಒಂದು ಸಣ್ಣ ಮಾತು ಹೇಳದೆ ಮುಂದೆ ಹೋಗಲಾಗದು. ಕೆಲವರ ಸಕ್ಕರೆ ಮಾತ್ರೆಯಲ್ಲಿ ವೋಗ್ಲಿಬೋಸ್ ಎಂಬ ಮೂರನೆಯ ಔಷಧಿಯೂ ಕೂಡಿರುತ್ತದೆ. ಅದು ಕರುಳಿನಲ್ಲಿ ಸಕ್ಕರೆ ಮತ್ತು ಪಿಷ್ಟ ಒಡೆಯುವುದನ್ನು ನಿಧಾನಗೊಳಿಸುತ್ತದೆ. ಅಂಥವರಿಗೆ ಸಕ್ಕರೆ ಇಳಿದಾಗ ಮನೆಯ ಸಕ್ಕರೆ, ಬೆಲ್ಲ ಕೊಟ್ಟರೆ ಅದು ಬೇಗ ರಕ್ತಕ್ಕೆ ಇಳಿಯುವುದಿಲ್ಲ, ಏಕೆಂದರೆ ಅದನ್ನು ಒಡೆಯುವ ಕೆಲಸವನ್ನೇ ಮಾತ್ರೆ ತಡೆದಿರುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಆದ್ದರಿಂದಲೇ ಮಠದ ಪ್ರಸಾದ ನಿಲಯದಲ್ಲಿ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಒಂದು ಗ್ಲೂಕೋಸ್ ಡಬ್ಬಿಯೂ ಇರಲಿ ಎಂದು ಕೇಳಿಕೊಂಡಿದ್ದೇವೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ಅವರನ್ನು ಮಗ್ಗುಲಿಗೆ ಮಲಗಿಸಿ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಈಗ ಎರಡನೆಯ "ಊಟಕ್ಕೆ ಮೊದಲು". ಎದೆಯುರಿ, ಹುಳಿತೇಗು ಎಂದು ಬರುವವರಿಗೆ ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳ ಮೇಲೂ ಇದೇ ಮಾತಿರುತ್ತದೆ. ಜಠರದ ಗೋಡೆಯಲ್ಲಿ ಆಮ್ಲ ಹೊರಹಾಕುವ ಅತಿ ಸೂಕ್ಷ್ಮವಾದ ಪಂಪುಗಳಿವೆ. ರಾತ್ರಿಯೆಲ್ಲ ಹೊಟ್ಟೆ ಖಾಲಿ ಇರುವಾಗ ಅವುಗಳಲ್ಲಿ ಬಹುಪಾಲು ನಿಂತಿರುತ್ತವೆ. ಊಟ ಇಳಿದಾಗ ಅವು ಚಾಲೂ ಆಗುತ್ತವೆ. ಈ ಔಷಧಿ ಚಾಲೂ ಇರುವ ಪಂಪನ್ನು ಮಾತ್ರ ಕಟ್ಟಿಹಾಕಬಲ್ಲುದು, ನಿಂತಿರುವ ಪಂಪು ಅದಕ್ಕೆ ಸಿಗುವುದಿಲ್ಲ. ರಕ್ತದಲ್ಲಿ ಔಷಧಿ ಉಳಿಯುವುದೂ ಸ್ವಲ್ಪವೇ ಹೊತ್ತು. ಹಾಗಾಗಿ ಪಂಪುಗಳು ಚಾಲೂ ಆಗುವ ಹೊತ್ತಿಗೆ ಸರಿಯಾಗಿ ಔಷಧಿ ರಕ್ತದಲ್ಲಿರಬೇಕು, ಅದಕ್ಕೆ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ನಮ್ಮ ಹೊಲಗಳಲ್ಲಿ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಸ್ಟಾರ್ಟರ್ ಹತ್ತಿರ ಮನುಷ್ಯ ಇರಬೇಕಲ್ಲ, ಹಾಗೆ. ಬೆಳಿಗ್ಗೆ ಆರಕ್ಕೆ ಈ ಮಾತ್ರೆ ನುಂಗಿ ಹೊಲಕ್ಕೆ ಹೋಗಿ, ಹನ್ನೊಂದಕ್ಕೆ ಬುತ್ತಿ ಬಿಚ್ಚುವ ರೈತನಿಗೆ ಪಂಪು ಚಾಲೂ ಆದಾಗ ಔಷಧಿ ಬಹುಪಾಲು ಮುಗಿದಿರುತ್ತದೆ. "ತಿಂಗಳಿಂದ ತಗೊಳ್ಳಾಕತ್ತೇನ್ರಿ, ಉರಿ ಹೋಗವಲ್ದು" ಎಂದು ಬರುವವರಲ್ಲಿ ಇಂಥವರನ್ನು ನಾವು ಅನೇಕ ಸಲ ಕಂಡಿದ್ದೇವೆ. ಅವರಿಗೆ ಹೆಚ್ಚು ಶಕ್ತಿಯ ಮಾತ್ರೆ ಬೇಕಿರಲಿಲ್ಲ. ಮಾತ್ರೆಯನ್ನು ಬುತ್ತಿಯ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ ಹತ್ತೂವರೆಗೆ ನುಂಗಿದರೆ ಸಾಕಿತ್ತು. ಇಲ್ಲಿಯೂ ಊಟ ಬರಲೇಬೇಕು, ಆದರೆ ಬರದಿದ್ದರೆ ಅಪಾಯವಿಲ್ಲ, ಮಾತ್ರೆ ವ್ಯರ್ಥ ಅಷ್ಟೆ.

ಮೂರನೆಯದು ಇವೆರಡಕ್ಕೂ ವಿರುದ್ಧ. ಥೈರಾಯ್ಡ್ ಗ್ರಂಥಿ ಸೊರಗಿದವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆಗೆ ಊಟ ಬೇಕಿಲ್ಲ, ಊಟ ಅದರ ಶತ್ರು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ಏಕೆಂದರೆ ನಮ್ಮ ತಾಯಂದಿರಲ್ಲಿ ಇದನ್ನು ತೆಗೆದುಕೊಳ್ಳುವವರು ಬಹಳ ಮಂದಿ, ತಪ್ಪಾಗಿ ತೆಗೆದುಕೊಳ್ಳುವವರೂ ಅಷ್ಟೇ ಮಂದಿ.

ಥೈರಾಕ್ಸಿನ್ ಮಾತ್ರೆಯಲ್ಲಿರುವ ಔಷಧಿಯ ಪ್ರಮಾಣ ಅತ್ಯಲ್ಪ. 50 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಇಪ್ಪತ್ತು ಸಾವಿರ ಭಾಗಗಳಲ್ಲಿ ಒಂದು ಭಾಗ. ಹೊಟ್ಟೆ ಖಾಲಿ ಇದ್ದಾಗಲೂ ಅದರಲ್ಲಿ ಸುಮಾರು ನೂರಕ್ಕೆ ಅರವತ್ತರಿಂದ ಎಂಬತ್ತು ಪಾಲು ಮಾತ್ರ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಅದರ ಜೊತೆಗೆ ಹಾಲು, ನಾರಿನ ಆಹಾರ, ಸುಣ್ಣದ ಮಾತ್ರೆ, ಕಬ್ಬಿಣದ ಮಾತ್ರೆ ಬಂದರೆ ಅವು ಔಷಧಿಯನ್ನು ಹಿಡಿದುಕೊಂಡು ಕರುಳಿನಲ್ಲಿಯೇ ಮುಂದಕ್ಕೆ ಸಾಗಿಸಿಬಿಡುತ್ತವೆ. ಮಾತ್ರೆ ನುಂಗಿದ್ದು ನಿಜ, ರಕ್ತಕ್ಕೆ ಸೇರಿದ್ದು ಕಡಿಮೆ.

ನಮ್ಮ ಪರಿಚಯದ ತಾಯಿಯೊಬ್ಬರ ಕಥೆಯನ್ನು ಅಂಕಿಗಳ ಸಮೇತ ಹೇಳುತ್ತೇವೆ. ವಯಸ್ಸು ಐವತ್ತರ ಸುಮಾರು, ತೂಕ 56 ಕಿಲೋ. ಮೈ ಊದಿಕೊಂಡು, ಸದಾ ಆಯಾಸ, ಮಲಬದ್ಧತೆ ಎಂದು ವೈದ್ಯರ ಬಳಿ ಹೋದಾಗ ಟಿ.ಎಸ್.ಎಚ್. ಪರೀಕ್ಷೆಯ ಫಲ 14 ಬಂದಿತ್ತು. ಟಿ.ಎಸ್.ಎಚ್. ಎಂದರೆ ಮಿದುಳಿನ ಬುಡದಲ್ಲಿರುವ ಗ್ರಂಥಿ ಥೈರಾಯ್ಡ್‌ಗೆ "ಕೆಲಸ ಮಾಡು" ಎಂದು ಹಾಕುವ ಕೂಗು. ಥೈರಾಯ್ಡ್ ಸೊರಗಿದಷ್ಟೂ ಕೂಗು ಜೋರು. ಸುಮಾರಾಗಿ 0.4 ರಿಂದ 4 ರ ಒಳಗಿದ್ದರೆ ಸಮಾಧಾನ. ವೈದ್ಯರು 50 ಮೈಕ್ರೋಗ್ರಾಂ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಎಂದು ಬರೆದುಕೊಟ್ಟರು. ಎರಡು ತಿಂಗಳ ಮೇಲೆ ಪರೀಕ್ಷೆ ಮಾಡಿದರೆ 10. ಮಾತ್ರೆ 75ಕ್ಕೆ ಏರಿತು. ಮತ್ತೆ 8. ಮಾತ್ರೆ 100ಕ್ಕೆ ಏರಿತು. ಆಗಲೂ 6.8. ಇನ್ನು 125 ಮಾಡೋಣ ಎಂದು ಚೀಟಿ ಹಿಡಿದುಕೊಂಡು ಅವರು ನಮ್ಮ ಅಂಗಡಿಗೆ ಬಂದರು.

ಗ್ರಂಥಿ ಪೂರ್ತಿ ನಿಂತುಹೋದವರಿಗೂ ಸಾಮಾನ್ಯವಾಗಿ ಬೇಕಾಗುವುದು ತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ. 56 ಕಿಲೋ ತೂಕಕ್ಕೆ ಅದು 90ರ ಆಸುಪಾಸು. 100 ತೆಗೆದುಕೊಂಡರೂ ಟಿ.ಎಸ್.ಎಚ್. ಇಳಿಯದಿದ್ದರೆ, ಮಾತ್ರೆ ಸಾಲುತ್ತಿಲ್ಲ ಎನ್ನುವುದಕ್ಕಿಂತ ಮಾತ್ರೆ ಸೇರುತ್ತಿಲ್ಲ ಎಂದು ಮೊದಲು ಸಂಶಯಪಡಬೇಕು. ನಾವು ಕೇಳಿದೆವು: "ಅವ್ವಾ, ಗುಳಿಗಿ ಹೆಂಗ ತಗೋತೀರಿ?" ಅವರು ಹೇಳಿದರು: "ಖಾಲಿ ಹೊಟ್ಟೀಲೆನ ತಗೋತೇನ್ರಿ. ಮುಂಜಾನೆ ಎದ್ದ ಕೂಡ್ಲೆ, ಚಾದ ಜೋಡಿ." ಇದೇನು ಖಾಲಿ ಹೊಟ್ಟೆ ಎಂದರೆ, "ಚಾ ಅಂದ್ರ ಊಟ ಏನ್ರಿ?" ಎಂದು ನಮ್ಮನ್ನೇ ಕೇಳಿದರು.

ಆ ತಾಯಿಯದು ತಪ್ಪಿಲ್ಲ. ನಮ್ಮ ಭಾಗದಲ್ಲಿ ಚಹಾ ಊಟವೂ ಅಲ್ಲ, ನಾಷ್ಟಾವೂ ಅಲ್ಲ. ಅದು ಮುಖ ತೊಳೆಯುವುದರ ಮುಂದುವರಿದ ಭಾಗ. ಆದರೆ ಮನೆಯ ಎಮ್ಮೆಯ ಗಟ್ಟಿ ಹಾಲು ಹಾಕಿ ಕುದಿಸಿದ ಚಹಾದಲ್ಲಿ ಸುಣ್ಣದ ಅಂಶವೂ ಇದೆ, ಕೆನೆಯೂ ಇದೆ, ಜೊತೆಗೆ ಒಂದು ಖಾರಿಯನ್ನೋ ಟೋಸ್ಟನ್ನೋ ಅದ್ದಿ ತಿಂದರೆ ಹಿಟ್ಟೂ ಇದೆ. ಹೊಟ್ಟೆಯ ಮಟ್ಟಿಗೆ ಅದು ಊಟವೇ. ಇದಲ್ಲದೆ ಮೊಣಕಾಲ ನೋವಿಗೆಂದು ಕೊಟ್ಟ ಸುಣ್ಣದ ಮಾತ್ರೆಯನ್ನೂ ಅವರು ಅದೇ ಚಹಾದ ಜೊತೆ ನುಂಗುತ್ತಿದ್ದರು. ಥೈರಾಕ್ಸಿನ್‌ಗೂ ಸುಣ್ಣದ ಮತ್ತು ಕಬ್ಬಿಣದ ಮಾತ್ರೆಗಳಿಗೂ ನಾಲ್ಕು ಗಂಟೆಯ ಅಂತರ ಇರಬೇಕು.

ನಾವು 125ರ ಮಾತ್ರೆ ಕೊಡಲಿಲ್ಲ, ವೈದ್ಯರಿಗೆ ಫೋನು ಮಾಡಿ ಸಂಗತಿ ತಿಳಿಸಿದೆವು. ಅವರು 100ನ್ನೇ ಮುಂದುವರಿಸಲು ಹೇಳಿ, ಬರೀ ನೀರಿನೊಡನೆ ನುಂಗಿ, ಒಂದು ಗಂಟೆಯ ಮೇಲೆ ಚಹಾ ಕುಡಿಯಲು, ಸುಣ್ಣದ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೆ ಒಯ್ಯಲು ಸೂಚಿಸಿದರು. ಮುಂದೆ ಏನಾಯಿತೆಂಬುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇವೆ.

ಮೂರು ಮಾತ್ರೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಸಕ್ಕರೆ ಮಾತ್ರೆಗೆ ಊಟ ಬರದಿದ್ದರೆ ಪ್ರಾಣಾಪಾಯ. ಎದೆಯುರಿಯ ಮಾತ್ರೆಗೆ ಊಟ ಬರದಿದ್ದರೆ ಮಾತ್ರೆ ವ್ಯರ್ಥ. ಥೈರಾಯ್ಡ್ ಮಾತ್ರೆಗೆ ಊಟ ಎಷ್ಟು ತಡವಾದರೂ ಒಳ್ಳೆಯದೇ. ಈ ಮೂರಕ್ಕೂ ನಾವು ಒಂದೇ ಪೆನ್ನಿನಿಂದ ಒಂದೇ ಮಾತು ಬರೆಯುತ್ತ ಬಂದಿದ್ದೇವೆ. ಮೂರನ್ನೂ ತೆಗೆದುಕೊಳ್ಳುವ ಹಿರಿಯರು ಒಂದೇ ಮನೆಯಲ್ಲಿ ಅಲ್ಲ, ಒಂದೇ ಮೈಯಲ್ಲಿಯೂ ಇದ್ದಾರೆ. ಅವರು ಬೆಳಿಗ್ಗೆ ಎದ್ದು ಮೂರನ್ನೂ ಅಂಗೈಯಲ್ಲಿ ಹಾಕಿಕೊಂಡು ಒಟ್ಟಿಗೆ ನುಂಗಿಬಿಡುತ್ತಾರೆ. ಮೂರೂ ಊಟಕ್ಕೆ ಮೊದಲಿನವೇ ಅಲ್ಲವೇ!

ಇಲ್ಲಿ ಶ್ರೀಮಠದ ಭಕ್ತರಿಗೆ ವಿಶೇಷವಾಗಿ ಸಂಬಂಧಪಟ್ಟ ಮಾತಿದೆ. ನಮ್ಮಲ್ಲಿ ಅನೇಕರು ಇಷ್ಟಲಿಂಗ ಪೂಜೆಯಾಗದೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಕೆಲವು ಹಿರಿಯರು ನೀರನ್ನೂ ಮುಟ್ಟುವುದಿಲ್ಲ. ಅದು ಅವರವರ ನಿಷ್ಠೆ, ಅದರ ಬಗ್ಗೆ ಹೇಳಲು ನಾವು ಯಾರು? ಆದರೆ ಔಷಧಿಯ ಕಡೆಯಿಂದ ನೋಡಿದರೆ ಪೂಜೆ ಮತ್ತು ಮಾತ್ರೆ ಎರಡೂ ಒಂದಕ್ಕೊಂದು ಅಡ್ಡಿಯಾಗಬೇಕಿಲ್ಲ. ಸಕ್ಕರೆ ಮಾತ್ರೆಯನ್ನು "ಊಟಕ್ಕೆ ಮೊದಲು" ಎಂದು ಪೂಜೆಗೆ ಕೂರುವ ಮುಂಚೆ ನುಂಗಬಾರದು. ಪೂಜೆ ಅರ್ಧ ಗಂಟೆಯಲ್ಲಿ ಮುಗಿಯಬಹುದು, ಮನೆಗೆ ಜಂಗಮರು ಬಂದ ದಿನ ಒಂದೂವರೆ ಗಂಟೆಯೂ ಆಗಬಹುದು. ಪೂಜೆ ಮುಗಿದು ಪ್ರಸಾದಕ್ಕೆ ಕುಳಿತ ಮೇಲೆಯೇ ಆ ಮಾತ್ರೆ. ಹಿಂದಿನಿಂದಲೂ ನಮ್ಮ ಮನೆಗಳಲ್ಲಿ ಉಣ್ಣುವುದನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ರೂಢಿ ಇದೆ. ಔಷಧಿಯನ್ನೂ ಹಾಗೆಯೇ ಸ್ವೀಕರಿಸುವ ಹಿರಿಯರನ್ನು ನಾವು ಕಂಡಿದ್ದೇವೆ. ಅವರಲ್ಲಿ ಮಾತ್ರೆಯೂ ಊಟವೂ ತಾನಾಗಿಯೇ ಕೂಡಿಬರುತ್ತವೆ.

ಥೈರಾಯ್ಡ್ ಮಾತ್ರೆಗೆ ಬೆಳಿಗ್ಗೆಯ ಪೂಜೆ ಒಳ್ಳೆಯ ಅನುಕೂಲ. ಎದ್ದು ಮುಖ ತೊಳೆದು, ಒಂದು ಲೋಟ ನೀರಿನೊಡನೆ ಮಾತ್ರೆ ನುಂಗಿ, ಸ್ನಾನ, ಪೂಜೆ ಮುಗಿಸುವಷ್ಟರಲ್ಲಿ ಬೇಕಾದ ಒಂದು ಗಂಟೆ ಕಳೆದಿರುತ್ತದೆ, ಕಾಯುವ ಬೇಸರವಿಲ್ಲ. ಪೂಜೆಗೆ ಮುಂಚೆ ನೀರನ್ನೂ ಮುಟ್ಟದವರು ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ರಾತ್ರಿಯ ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು, ನಡುವೆ ಹಾಲು ಕುಡಿದಿರಬಾರದು, ಅಷ್ಟೆ. ಈ ಔಷಧಿ ರಕ್ತದಲ್ಲಿ ಅರ್ಧದಷ್ಟು ಇಳಿಯಲು ಸುಮಾರು ಏಳು ದಿನ ತೆಗೆದುಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆಯೋ ರಾತ್ರಿಯೋ ಎಂಬುದು ಮುಖ್ಯವಲ್ಲ, ದಿನವೂ ಒಂದೇ ರೀತಿ ಎಂಬುದು ಮುಖ್ಯ. ಆದರೆ ವೈದ್ಯರಿಗೆ ತಿಳಿಸಿಯೇ ಹೊತ್ತು ಬದಲಿಸಿರಿ.

ಉಪವಾಸದ ದಿನಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಶ್ರಾವಣ ಸೋಮವಾರ, ಮಹಾಶಿವರಾತ್ರಿಯಂದು ಉಪವಾಸವಿರುವ ಸಕ್ಕರೆ ಕಾಯಿಲೆಯವರು ಒಂದು ವಾರ ಮುಂಚೆಯೇ ವೈದ್ಯರನ್ನು ಕಂಡು, "ಆ ದಿನ ಯಾವ ಮಾತ್ರೆ, ಎಷ್ಟು, ಯಾವಾಗ?" ಎಂದು ಕೇಳಿ ಬರೆಯಿಸಿಕೊಳ್ಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡ ದುರ್ಬಲವಾದವರು ಕೇಳದೆ ಉಪವಾಸ ಮಾಡಲೇಬಾರದು. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ಅದು ಇನ್ಸುಲಿನ್ ಸುರಿಸುವ ಔಷಧಿಯಲ್ಲ, ಮುಖ್ಯವಾಗಿ ಯಕೃತ್ತು ಹೊರಬಿಡುವ ಸಕ್ಕರೆಯನ್ನು ತಗ್ಗಿಸುವಂಥದು. ಅದನ್ನು ಊಟದ ಜೊತೆ ಎಂದು ಹೇಳುವುದು ಹೊಟ್ಟೆ ತೊಳಸದಿರಲಿ, ಭೇದಿಯಾಗದಿರಲಿ ಎಂಬ ಕಾರಣಕ್ಕೆ. "ನನಗೆ ಸಕ್ಕರೆ ಗುಳಿಗಿ ಐತಿ" ಎಂದಷ್ಟೇ ತಿಳಿದವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಕೂಡಿರುವಾಗ ಅಂಗಡಿಯವರೇ ಅದನ್ನು ಬಿಡಿಸಿ ಹೇಳಬೇಕು.

"ಊಟದ ನಂತರ" ಎಂಬ ಮಾತಿನ ಹಿಂದೆಯೂ ಹೀಗೆಯೇ ಬೇರೆ ಬೇರೆ ಕಾರಣಗಳಿವೆ. ಎಲ್ಲವನ್ನೂ ಹೇಳಿದರೆ ಓದುಗರಿಗೆ ಬೇಸರವಾದೀತು, ಎರಡನ್ನು ಮಾತ್ರ ಹೇಳುತ್ತೇವೆ. ಕಬ್ಬು ಕಡಿದು ಬಂದವರು ಮೈನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಊಟದ ನಂತರ ಎನ್ನುವುದು ಜಠರಕ್ಕೆ ಉರಿ ಕಡಿಮೆಯಾಗಲೆಂದು. ಉಂಡು ತೆಗೆದುಕೊಂಡರೆ ಏನೂ ಆಗದು ಎಂಬ ಧೈರ್ಯ ಅನೇಕರಿಗಿದೆ. ಅದು ತಪ್ಪು. ಈ ಮಾತ್ರೆಗಳು ರಕ್ತಕ್ಕೆ ಸೇರಿದ ಮೇಲೂ ಜಠರದ ಒಳಪದರದ ರಕ್ಷಣೆಯನ್ನು ಕುಂದಿಸುತ್ತವೆ. ಉಂಡದ್ದರಿಂದ ಉರಿ ತಗ್ಗಬಹುದು, ಹುಣ್ಣು ತಪ್ಪುತ್ತದೆ ಎಂಬ ಖಾತರಿ ಇಲ್ಲ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾದರೆ ಒಳಗೆ ರಕ್ತ ಸೋರುತ್ತಿರಬಹುದು, ಆ ಕೂಡಲೇ ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಇನ್ನೊಂದು ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲು. ಇದನ್ನು ಊಟದ ನಂತರ ಎನ್ನುವುದು ಹೊಟ್ಟೆಯ ರಕ್ಷಣೆಗಲ್ಲ. ಈ ಔಷಧಿ ಕರಗಲು ಜಠರದ ಆಮ್ಲ ಬೇಕು, ಹೊಟ್ಟೆ ತುಂಬ ಉಂಡಾಗ ಅದು ಚೆನ್ನಾಗಿ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಇದರ ಜೊತೆ ಮೇಲೆ ಹೇಳಿದ ಎದೆಯುರಿಯ ಮಾತ್ರೆಯನ್ನೂ ಕೊಟ್ಟರೆ ಆಮ್ಲವೇ ಇಲ್ಲದಂತಾಗಿ ದುಬಾರಿ ಕ್ಯಾಪ್ಸೂಲು ಕೆಲಸ ಮಾಡದೆ ಹೋಗುತ್ತದೆ. ತಿಂಗಳುಗಟ್ಟಲೆ ಗಜಕರ್ಣ ವಾಸಿಯಾಗದವರು ತಮ್ಮ ಚೀಟಿಯಲ್ಲಿ ಈ ಜೋಡಿ ಇದೆಯೇ ಎಂದು ವೈದ್ಯರನ್ನು ಕೇಳಿ ನೋಡಲಿ.

ಇನ್ನು ನಮ್ಮವರ ತಪ್ಪಿನ ಮಾತು. ಮಾತ್ರೆಯ ಪಟ್ಟಿಯ ಬೆನ್ನ ಮೇಲೆ ಔಷಧಿಯ ಹೆಸರು, ತಯಾರಾದ ಮತ್ತು ಅವಧಿ ಮುಗಿಯುವ ದಿನ, ಬೆಲೆ ಎಲ್ಲವೂ ಇರುತ್ತವೆ. ಹೇಗೆ ತೆಗೆದುಕೊಳ್ಳಬೇಕೆಂಬಲ್ಲಿ ಮಾತ್ರ ಹೆಚ್ಚಾಗಿ "ವೈದ್ಯರ ಸೂಚನೆಯಂತೆ" ಎಂಬರ್ಥದ ಒಂದು ಸಾಲು, ಅದೂ ಇಂಗ್ಲಿಷಿನಲ್ಲಿ. ವೈದ್ಯರ ಚೀಟಿಯಲ್ಲಿ "ಎ.ಸಿ.", "ಪಿ.ಸಿ." ಎಂಬ ಅಕ್ಷರಗಳಿರುತ್ತವೆ. ಊಟಕ್ಕೆ ಮೊದಲು, ಊಟದ ನಂತರ ಎಂಬ ಲ್ಯಾಟಿನ್ ಮಾತುಗಳ ಮೊದಲಕ್ಷರಗಳು ಅವು. ಅವುಗಳನ್ನು ಕನ್ನಡಕ್ಕೆ ಇಳಿಸುವ ಕೊನೆಯ ಕೈ ನಮ್ಮದು. ಜನ ಸಾಲಾಗಿ ನಿಂತಿರುವಾಗ, ಬಸ್ಸಿಗೆ ಹೊತ್ತಾಯಿತು ಎಂದು ಅವಸರಪಡಿಸುವಾಗ, ನಾವು "1-0-1" ಎಂದು ಗೀಚಿ ಕೈಬಿಡುತ್ತೇವೆ. ಆ ಮೂರು ಅಂಕಿಗಳ ಹಿಂದೆ ಎಂಟಕ್ಕೆ ನಾಷ್ಟಾ, ಒಂದಕ್ಕೆ ಊಟ, ಎಂಟಕ್ಕೆ ಮತ್ತೆ ಊಟ ಮಾಡುವ ಪಟ್ಟಣದ ಮನುಷ್ಯನೊಬ್ಬನಿದ್ದಾನೆ. ಐದಕ್ಕೆ ಚಹಾ ಕುಡಿದು, ಹನ್ನೊಂದಕ್ಕೆ ಹೊಲದಲ್ಲಿ ರೊಟ್ಟಿ ತಿಂದು, ಕೆಲವು ರಾತ್ರಿ ಕಬ್ಬಿಗೆ ನೀರು ಬಿಡುತ್ತ ಬೆಳಗು ಮಾಡುವ ಮೂಡಲಗಿ, ಗೋಕಾಕ ಸೀಮೆಯ ರೈತ ಆ ಅಂಕಿಗಳಲ್ಲಿ ಎಲ್ಲಿದ್ದಾನೆ?

ಸಮಯವಿಲ್ಲ ಎಂದು ನಮ್ಮ ವೃತ್ತಿಯವರು ಹೇಳುವುದು ನಮಗೆ ಗೊತ್ತು. ಅದರಲ್ಲಿ ಸತ್ಯವೂ ಇದೆ. ಎಲ್ಲ ಮಾತ್ರೆಗೂ ಇಷ್ಟು ವಿವರ ಬೇಕಾಗಿಲ್ಲ. ಜ್ವರದ ಪ್ಯಾರಾಸಿಟಮಾಲ್, ರಕ್ತದೊತ್ತಡದ ಅಮ್ಲೋಡಿಪಿನ್ ಇಂಥವನ್ನು ಊಟದ ಹಿಂದೆ ಮುಂದೆ ಹೇಗೆ ತೆಗೆದುಕೊಂಡರೂ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸವಿಲ್ಲದಲ್ಲಿ "ಊಟದ ನಂತರ" ಎಂದು ಅಭ್ಯಾಸಬಲದಿಂದ ಬರೆಯುವುದನ್ನು ಬಿಟ್ಟರೆ, ವ್ಯತ್ಯಾಸವಿರುವ ನಾಲ್ಕಾರು ಮಾತ್ರೆಗಳಿಗೆ ಎರಡು ಸಾಲು ಬರೆಯಲು ಸಮಯ ಸಿಗುತ್ತದೆ. ಆ ಎರಡು ಸಾಲಿನಲ್ಲಿ ಇರಬೇಕಾದದ್ದು ಇಷ್ಟೆ: ಯಾವ ಊಟಕ್ಕೆ ಎಷ್ಟು ನಿಮಿಷ ಮೊದಲು ಅಥವಾ ನಂತರ, ಮತ್ತು ಆ ಊಟ ತಪ್ಪಿದರೆ ಏನು ಮಾಡಬೇಕು. ನಾವು ಬರೆಯದಿದ್ದರೆ ತಾವು ಕೇಳಿರಿ. "ಇದು ಊಟಕ್ಕೆ ಮೊದಲು ಯಾಕ್ರಿ?" ಎಂದು ಕೇಳಿದರೆ ಯಾವ ಅಂಗಡಿಯವರಿಗೂ ಸಿಟ್ಟು ಬರಬಾರದು. ಬಂದರೆ, ಉತ್ತರ ಅವರಿಗೂ ಗೊತ್ತಿಲ್ಲ ಎಂದು ತಿಳಿಯಿರಿ.

ಆ ಹಿರಿಯರು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇದ್ದು ಮನೆಗೆ ಬಂದರು. ಅಂದು ನಡುರಾತ್ರಿ ಅವರ ಸಕ್ಕರೆ ಮತ್ತೊಮ್ಮೆ ಇಳಿದು ಗ್ಲೂಕೋಸ್ ಬಾಟಲಿ ಏರಿಸಬೇಕಾಯಿತೆಂದು ಮಗ ಹೇಳಿದ. ವೈದ್ಯರು ರಾತ್ರಿಯ ಗ್ಲಿಮೆಪಿರೈಡನ್ನು ನಿಲ್ಲಿಸಿ, ಬೆಳಿಗ್ಗೆ ಮಾತ್ರ ಇಟ್ಟಿದ್ದಾರೆ. ಮಾತ್ರೆಯನ್ನು ಈಗ ಮನೆಯಲ್ಲಿ ಔಷಧಿ ಡಬ್ಬಿಯಲ್ಲಿ ಇಡುವುದಿಲ್ಲ, ರೊಟ್ಟಿ ಬುಟ್ಟಿಯ ಪಕ್ಕದಲ್ಲಿ ಇಡುತ್ತಾರೆ.

ಥೈರಾಯ್ಡ್ ಮಾತ್ರೆಯ ತಾಯಿ ಎರಡು ತಿಂಗಳು ನಿಷ್ಠೆಯಿಂದ ಚಹಾವನ್ನು ಒಂದು ಗಂಟೆ ಮುಂದೂಡಿದರು. ಏಳನೆಯ ವಾರಕ್ಕೆ ಎದೆ ಡವಗುಟ್ಟುತ್ತದೆ, ನಿದ್ದೆ ಬರುತ್ತಿಲ್ಲ ಎಂದು ನಮ್ಮ ಬಳಿ ಬಂದರು. ಪರೀಕ್ಷೆ ಮಾಡಿಸಿದರೆ ಟಿ.ಎಸ್.ಎಚ್. 0.2. ಅಂದರೆ ಈಗ ಮಾತ್ರೆ ಹೆಚ್ಚಾಗಿತ್ತು. ಚಹಾದಲ್ಲಿ ಕಳೆದುಹೋಗುತ್ತಿದ್ದ ಔಷಧಿಯ ಲೆಕ್ಕ ಹಿಡಿದು ಏರಿಸಿದ 100, ಚಹಾ ದೂರವಾದ ಮೇಲೆ ಪೂರ್ತಿ ರಕ್ತಕ್ಕೆ ಸೇರತೊಡಗಿತ್ತು. ತೆಗೆದುಕೊಳ್ಳುವ ರೀತಿಯನ್ನು ಸರಿಪಡಿಸಿಕೊಂಡವರು ಆರರಿಂದ ಎಂಟು ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಎನ್ನುವುದು ಇದಕ್ಕಾಗಿಯೇ. ವೈದ್ಯರು ಮಾತ್ರೆಯನ್ನು 75ಕ್ಕೆ ಇಳಿಸಿದರು. ಕಳೆದ ತಿಂಗಳ ಪರೀಕ್ಷೆಯಲ್ಲಿ 2.4 ಬಂದಿದೆ. "ಚಾ ಆರಕ್ಕ ಕುಡೀತೇನ್ರಿ ಈಗ" ಎಂದು ನಕ್ಕು, ಚೀಟಿ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡರು.